ಚಾರ್ಜರ್ ಸಿಕ್ಕಿಸಿದ್ದರೂ ತೆವಳುವ ಗೇಮ್

ಗೇಮಿಂಗ್ ಲ್ಯಾಪ್‌ಟಾಪ್ ಜೊತೆ ಬರುವ ಚಾರ್ಜರ್ ಇಟ್ಟಿಗೆಯ ಗಾತ್ರದ್ದು. ಊರಿಗೆ ಹೊರಟಾಗ ಅದನ್ನು ಬಿಟ್ಟು, ಫೋನಿಗೂ ಆಗುತ್ತದೆಂದು 65 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಒಯ್ಯುವವರು ಬಹಳ. ಟೈಪಿಂಗ್‌ಗೆ, ಸಿನಿಮಾಗೆ ಅದು ಧಾರಾಳ ಸಾಕು. ಗೇಮ್ ಶುರುವಾದ ಮೇಲೆ ಲೆಕ್ಕ ಬೇರೆ.

180 ವ್ಯಾಟ್ ಚಾರ್ಜರ್ ಇರುವ ಒಂದು ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳಬಹುದು. ಆಟದ ಭರದಲ್ಲಿ ಗ್ರಾಫಿಕ್ಸ್ ಚಿಪ್ 80, ಪ್ರೊಸೆಸರ್ 45, ಪರದೆ, ಫ್ಯಾನ್ ಮುಂತಾದವು 20, ಒಟ್ಟು 145 ವ್ಯಾಟ್ ಎಳೆಯುತ್ತವೆ. ಚಾರ್ಜರ್ ಕೊಡುವುದು 65. ಉಳಿದ 80 ಬ್ಯಾಟರಿಯಿಂದಲೇ ಬರಬೇಕು. 60 ವ್ಯಾಟ್-ಅವರ್‌ನ ಬ್ಯಾಟರಿ ಈ ವೇಗದಲ್ಲಿ ಮುಕ್ಕಾಲು ಗಂಟೆಗೆ ಬರಿದಾಗುತ್ತದೆ. ಬ್ಯಾಟರಿಯನ್ನು ಇಷ್ಟು ಹಿಂಡಲು ಹೆಚ್ಚಿನ ಲ್ಯಾಪ್‌ಟಾಪ್‌ಗಳು ಬಿಡುವುದಿಲ್ಲ. ಚಿಪ್‌ಗಳ ವೇಗವನ್ನೇ ಇಳಿಸಿ ಖರ್ಚನ್ನು ಆದಾಯಕ್ಕೆ ಹೊಂದಿಸುತ್ತವೆ. ಕೆಲವು ಮೊದಲು ಬ್ಯಾಟರಿಯ ನೆರವು ಪಡೆದು, ಅದು ಒಂದು ಮಟ್ಟಕ್ಕೆ ಇಳಿದ ಮೇಲೆ ಕೈಬಿಡುತ್ತವೆ. ಅರ್ಧ ಗಂಟೆ ಸಲೀಸಾಗಿ ಓಡಿದ ಗೇಮ್ ಆಮೇಲೆ ಏಕಾಏಕಿ ತಡವರಿಸಲು ಇದೇ ಕಾರಣ.

ಚಾರ್ಜರ್‌ನ ಬಲ ಎಷ್ಟೆಂದು ಲ್ಯಾಪ್‌ಟಾಪಿಗೆ ಮೊದಲೇ ಗೊತ್ತಿರುತ್ತದೆ. ಟೈಪ್-ಸಿ ಚಾರ್ಜರ್ ಸಿಕ್ಕಿಸಿದೊಡನೆ ತಾನು ಎಷ್ಟು ವೋಲ್ಟ್, ಎಷ್ಟು ಆಂಪ್ ಕೊಡಬಲ್ಲೆನೆಂದು ತಿಳಿಸುತ್ತದೆ. ದುಂಡನೆಯ ಪಿನ್ನಿನ ಕೆಲವು ಚಾರ್ಜರ್‌ಗಳಲ್ಲಿ ನಡುವಿನ ತೆಳು ಸೂಜಿ ಈ ಗುರುತು ಹೇಳುತ್ತದೆ. ಆ ಸೂಜಿ ಬಾಗಿದರೆ ಅಸಲಿ ಚಾರ್ಜರ್ ಕೂಡ ಅಪರಿಚಿತವಾಗುತ್ತದೆ. ಆಗ ಬ್ಯಾಟರಿ ತುಂಬುವುದು ನಿಂತು, ಪ್ರೊಸೆಸರ್ ತೀರಾ ಕೆಳಗಿನ ವೇಗಕ್ಕೆ ಇಳಿಯುವುದುಂಟು. ಇದನ್ನು ಮದರ್‌ಬೋರ್ಡ್ ಕೆಟ್ಟಿದೆ ಎಂದುಕೊಂಡು ರಿಪೇರಿಗೆ ಹಣ ಸುರಿಯುವ ಮುನ್ನ ಆ ಪಿನ್ ನೋಡುವುದು ಒಳ್ಳೆಯದು.

ನಿಧಾನಕ್ಕೆ ಕಾವೂ ಕಾರಣವಾಗಬಹುದು. ಎರಡನ್ನೂ ಬೇರೆ ಮಾಡಲು HWiNFO ತಂತ್ರಾಂಶ ಸಾಕು. ಪ್ರೊಸೆಸರ್ 95 ಡಿಗ್ರಿ ಸೆಲ್ಸಿಯಸ್ ಸುತ್ತ ಇದ್ದು ವೇಗ ಬಿದ್ದರೆ ಅದು ಕಾವಿನ ಕಾಟ. 60–65 ಡಿಗ್ರಿಯಲ್ಲೇ ವೇಗ ಕುಸಿದಿದ್ದರೆ, ಅದರಲ್ಲೂ ಚಾರ್ಜರ್ ಸಿಕ್ಕಿಸಿದ್ದಾಗಲೇ ಬ್ಯಾಟರಿಯ ಶೇಕಡಾವಾರು ಇಳಿಯುತ್ತಿದ್ದರೆ, ಅನುಮಾನ ಚಾರ್ಜರ್ ಮೇಲೆ.

ಚಾರ್ಜರ್ ಬೆನ್ನಿನ ಚೀಟಿಯಲ್ಲಿ Output ಎಂಬುದರ ಮುಂದಿನ ಎರಡು ಅಂಕಿಗಳನ್ನು ಗುಣಿಸಿದರೆ ವ್ಯಾಟ್ ಸಿಗುತ್ತದೆ: 19.5V, 9.23A ಇದ್ದರೆ 180. ವೋಲ್ಟ್ ಮತ್ತು ಪಿನ್ ಹೊಂದಬೇಕು. ವ್ಯಾಟ್ ಹೆಚ್ಚಿದ್ದರೆ ಅಪಾಯವಿಲ್ಲ, ಲ್ಯಾಪ್‌ಟಾಪ್ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಟೈಪ್-ಸಿಯಲ್ಲಿ ಕೇಬಲ್ಲಿಗೂ ಮಿತಿಯಿದೆ. 3 ಆಂಪ್‌ನ ಸಾಮಾನ್ಯ ಕೇಬಲ್ 20 ವೋಲ್ಟ್‌ನಲ್ಲಿ 60 ವ್ಯಾಟ್ ಮೀರಿ ಸಾಗಿಸದು. 100 ವ್ಯಾಟ್ ಬೇಕಾದರೆ 5 ಆಂಪ್‌ನದೇ ಆಗಬೇಕು. ಆದರೂ ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಯೇ 100 ವ್ಯಾಟ್‌ಗೆ ನಿಲ್ಲುವಂಥದ್ದಾದರೆ, ಎಂಥ ದೊಡ್ಡ ಟೈಪ್-ಸಿ ಚಾರ್ಜರ್ ತಂದರೂ 145 ವ್ಯಾಟ್‌ನ ಆಟಕ್ಕೆ ಸಾಲದು. ಅಂಥದಕ್ಕೆ ಜೊತೆಗೆ ಬಂದ ಇಟ್ಟಿಗೆಯನ್ನೇ ಹೊರಬೇಕು.