ಹತ್ತು ಹಾಸಿಗೆಯ ಐಸಿಯು, ಒಂದು ಪುಟದ ಪತ್ರ

‘ಶ್ರಮಜೀವಿ, ಸೇವಾಮನೋಭಾವದವಳು, ಎಲ್ಲರೊಂದಿಗೆ ಹೊಂದಿಕೊಳ್ಳುತ್ತೇನೆ.’ ವಿದೇಶಕ್ಕೆ ಅರ್ಜಿ ಹಾಕುವ ಎಷ್ಟೋ ಸ್ಟಾಫ್ ನರ್ಸ್‌ಗಳ ಪ್ರೊಫೈಲ್ ಸಮ್ಮರಿ ಶುರುವಾಗುವುದು ಹೀಗೆ. ಸುಳ್ಳೇನಲ್ಲ. ಆದರೆ ಇಷ್ಟು ಓದಿದವರಿಗೆ ಆಕೆ ಹೆರಿಗೆ ವಾರ್ಡಿನವರೋ ಐಸಿಯುವಿನವರೋ ತಿಳಿಯುವುದೇ ಇಲ್ಲ.

ಹಾಸನದ ಖಾಸಗಿ ಆಸ್ಪತ್ರೆಯೊಂದರ ನರ್ಸ್ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಅರ್ಜಿ ಹಾಕುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಸಮ್ಮರಿಗೆ ನಾಲ್ಕೈದು ಸಾಲು ಸಾಕು. ಬಿ.ಎಸ್ಸಿ. ನರ್ಸಿಂಗ್, ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ. 10 ಹಾಸಿಗೆಯ ಮೆಡಿಕಲ್ ಐಸಿಯುವಿನಲ್ಲಿ 4 ವರ್ಷ. ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಇಬ್ಬರು ರೋಗಿಗಳು. ವೆಂಟಿಲೇಟರ್‌ನಲ್ಲಿರುವವರ ಆರೈಕೆ, ಇನ್ಫ್ಯೂಷನ್ ಪಂಪ್ ನಿರ್ವಹಣೆ. ಕೊನೆಗೆ ನೋಂದಣಿಯ ಸ್ಥಿತಿ. ಅಲ್ಲಿನ ನರ್ಸಿಂಗ್ ನೋಂದಣಿ ಸಂಸ್ಥೆ ಎನ್‌ಎಂಸಿಯ ಸಿಬಿಟಿ ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು. ಕೈಕೆಲಸ ನೋಡುವ ಆಸ್ಕಿ ಪರೀಕ್ಷೆ ನಡೆಯುವುದು ಬ್ರಿಟನ್ನಿನಲ್ಲಿ ಮಾತ್ರ. ಹಾಗಾಗಿ ‘ಸಿಬಿಟಿ ಪಾಸಾಗಿದೆ, ಆಸ್ಕಿ ಬಾಕಿ’ ಎಂದೇ ಬರೆಯಬೇಕು. ಸಿಬಿಟಿ ಪಾಸಾದ ಖುಷಿಯಲ್ಲಿ ‘ಎನ್‌ಎಂಸಿ ನೋಂದಾಯಿತ ನರ್ಸ್’ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಎನ್‌ಎಂಸಿಯ ನೋಂದಣಿ ಪಟ್ಟಿ ಯಾರು ಬೇಕಾದರೂ ನೋಡಬಹುದಾದದ್ದು. ಹೆಸರು ಅಲ್ಲಿಲ್ಲವೆಂಬುದು ಕೂಡಲೇ ಗೊತ್ತಾಗುತ್ತದೆ.

ಪತ್ರದ ದಾರಿ ಬೇರೆ. ಎನ್‌ಎಚ್‌ಎಸ್ ಜಾಹೀರಾತಿನ ಜೊತೆ ‘ಪರ್ಸನ್ ಸ್ಪೆಸಿಫಿಕೇಶನ್’ ಎಂಬ ಪಟ್ಟಿ ಇರುತ್ತದೆ: ಕಡ್ಡಾಯವಾಗಿ ಬೇಕಾದ ಅರ್ಹತೆಗಳು ಒಂದು ಕಡೆ, ಇದ್ದರೆ ಒಳ್ಳೆಯದು ಎನ್ನುವವು ಇನ್ನೊಂದು ಕಡೆ. ಅರ್ಜಿಗಳನ್ನು ಸೋಸುವವರು ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡೇ ಓದುತ್ತಾರೆ. ಪತ್ರ ಈ ಪಟ್ಟಿಗೆ ಕೊಟ್ಟ ಉತ್ತರವಾಗಿರಬೇಕು. ಹತ್ತು ಆಸ್ಪತ್ರೆಗೂ ಒಂದೇ ಪತ್ರ ಕಳಿಸುವವರು ಸೋಲುವುದು ಇಲ್ಲೇ.

ಪಟ್ಟಿಯಲ್ಲಿ ‘ರೋಗಿಯ ಸ್ಥಿತಿ ಕೆಡುವುದನ್ನು ಗುರುತಿಸಬಲ್ಲವರು’ ಎಂದಿದೆ ಎನ್ನಿ. ‘ನನಗೆ ಈ ಕೌಶಲ ಚೆನ್ನಾಗಿದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಹಾಸನದ ನರ್ಸ್ ಒಂದು ರಾತ್ರಿಪಾಳಿಯ ಘಟನೆ ಬರೆಯಬಹುದು: ನ್ಯುಮೋನಿಯಾ ರೋಗಿಯ ಉಸಿರಾಟ ನಿಮಿಷಕ್ಕೆ 20ರಿಂದ 32ಕ್ಕೆ ಏರಿತು, ಬಿಪಿ ಇಳಿಯತೊಡಗಿತು, ವೈದ್ಯರಿಗೆ ಫೋನ್ ಮಾಡಿ ಈಗಿನ ಸ್ಥಿತಿ, ಹಿನ್ನೆಲೆ, ತಾನು ಕಂಡದ್ದು, ತನಗೆ ಬೇಕಾದದ್ದು ಎಂಬ ಕ್ರಮದಲ್ಲಿ ಹೇಳಿದೆ, ಅವರು ಬಂದು ನೋಡಿ ಚಿಕಿತ್ಸೆ ಬದಲಿಸಿದರು. ಈ ಕ್ರಮಕ್ಕೆ ಅಲ್ಲಿ ಎಸ್‌ಬಿಎಆರ್ ಎನ್ನುತ್ತಾರೆ, ಓದಿದವರಿಗೆ ತಕ್ಷಣ ಹೊಳೆಯುತ್ತದೆ. ಆದರೆ ರೋಗಿಯ ಹೆಸರು, ದಿನಾಂಕ, ಗುರುತು ಹತ್ತುವ ಯಾವ ವಿವರವೂ ಬೇಡ. ಗೋಪ್ಯತೆ ಮುರಿದ ಪತ್ರವೇ ಅಭ್ಯರ್ಥಿಗೆ ಎದುರುಸಾಕ್ಷಿ. ತನ್ನ ಆಸ್ಪತ್ರೆಯಲ್ಲಿ ಬಳಕೆಯಲ್ಲಿಲ್ಲದ ಅಂಕಪಟ್ಟಿ, ಯಂತ್ರಗಳ ಹೆಸರನ್ನೂ ತುರುಕಬಾರದು. ಸಂದರ್ಶನದಲ್ಲಿ ಕೇಳುವುದು ಅವನ್ನೇ.

ಇನ್ನುಳಿದದ್ದು ತಿಂಗಳ ಲೆಕ್ಕ. ಸಮ್ಮರಿಯಲ್ಲಿ 4 ವರ್ಷ ಎಂದು, ಅನುಭವ ಪತ್ರದಲ್ಲಿ 3 ವರ್ಷ 7 ತಿಂಗಳು ಎಂದಿದ್ದರೆ ಪ್ರಶ್ನೆ ಏಳುತ್ತದೆ. ಮಗುವಿಗಾಗಿ ಕೆಲಸ ಬಿಟ್ಟ ಅವಧಿ ಇದ್ದರೆ ಒಂದು ಸಾಲಿನಲ್ಲಿ ಹೇಳಿಬಿಡುವುದೇ ಸರಿ. ಗಲ್ಫ್ ದೇಶಗಳಿಗಾದರೆ ಬಿಗಿ ಇನ್ನೂ ಹೆಚ್ಚು: ಡೇಟಾಫ್ಲೋದಂಥ ಸಂಸ್ಥೆ ಹಳೆಯ ಆಸ್ಪತ್ರೆಗೇ ಬರೆದು ಸೇರಿದ, ಬಿಟ್ಟ ದಿನಾಂಕಗಳನ್ನು ತಾಳೆ ನೋಡುತ್ತದೆ. ಆದ್ದರಿಂದ ಅನುಭವ ಪತ್ರವನ್ನು ಮೊದಲು ಕೈಗೆ ತೆಗೆದುಕೊಂಡು, ಅದರಲ್ಲಿರುವ ದಿನಾಂಕಗಳನ್ನೇ ಸಮ್ಮರಿಗೆ ಇಳಿಸುವುದು ಕ್ಷೇಮ.