ತೇರು ಮಾತ್ರ ಇರಲಿ

ಜಾತ್ರೆಗೆ ಹದಿನೈದು ದಿನ ಇರುವಾಗ ದೇವಸ್ಥಾನದ ಸಮಿತಿಯವರೊಬ್ಬರು ನಮ್ಮ ಪ್ರೆಸ್ಸಿಗೆ ಬಂದರು. ಮೊಬೈಲಿನಲ್ಲಿ ಹೋದ ವರ್ಷದ ರಥೋತ್ಸವದ ಫೋಟೊ ತೋರಿಸಿ, "ಸಾರ್, ತೇರು ಮಾತ್ರ ಇರ್ಲಿ, ಮಿಕ್ಕಿದ್ದೆಲ್ಲ ತೆಗೆದುಬಿಡಿ. ಪತ್ರಿಕೆ ಮೇಲೆ ಹಳದಿ ಬಣ್ಣದಲ್ಲಿ ಕೂರಿಸಬೇಕು" ಅಂದರು. ಹೇಳುವುದಕ್ಕೆ ಒಂದು ವಾಕ್ಯ ಸಾಕು. ಫೋಟೊದಲ್ಲಿ ಮೇಲೆ ಆಕಾಶ, ನಡುವೆ ಬಟ್ಟೆ ಬಾವುಟಗಳ ತೇರು, ಕೆಳಗೆ ಗಾಲಿಗೆ ಒತ್ತಿಕೊಂಡು ನಿಂತ ಜನ. ಸಾಲದ್ದಕ್ಕೆ ಭಕ್ತರು ಎಸೆದ ಬಾಳೆಹಣ್ಣುಗಳು ಗಾಳಿಯಲ್ಲಿ.

ಫೋಟೊಶಾಪ್ ಕಲಿಯಲು ಬರುವ ಹುಡುಗರು ಇಂಥ ಚಿತ್ರ ಕೊಟ್ಟರೆ ಮೊದಲು ಕೇಳುವುದು, "ಯಾವ ಟೂಲ್ ಒಳ್ಳೇದು ಸಾರ್?" ಪ್ರಶ್ನೆಯೇ ಸರಿಯಿಲ್ಲ. ತೇರನ್ನು ಹಿನ್ನೆಲೆಯಿಂದ ಬೇರೆ ಮಾಡುತ್ತಿರುವುದು ಏನು ಅಂತ ಮೊದಲು ನೋಡಬೇಕು. ಬಣ್ಣವೇ? ಅಂಚೇ? ಅಥವಾ ಎರಡೂ ಇಲ್ಲದೆ, ಇದು ಗಾಲಿ, ಅದು ಮನುಷ್ಯನ ಕಾಲು ಎಂಬ ನಮ್ಮ ತಿಳಿವಳಿಕೆಯೇ? ಕಲರ್ ರೇಂಜ್‌ಗೆ ಬಣ್ಣ ಮಾತ್ರ ಕಾಣುತ್ತದೆ. ಆ ಬಣ್ಣ ಚಿತ್ರದ ಯಾವ ಮೂಲೆಯಲ್ಲಿದೆ ಎಂಬುದು ಅದಕ್ಕೆ ಬೇಕಿಲ್ಲ. ಕ್ವಿಕ್ ಸೆಲೆಕ್ಷನ್ ಬಣ್ಣದ ಜೊತೆಗೆ ಮೇಲ್ಮೈಯನ್ನೂ ನೋಡಿಕೊಂಡು, ಎದ್ದು ಕಾಣುವ ಅಂಚು ಸಿಗುವ ತನಕ ಹಬ್ಬುತ್ತದೆ. ಲ್ಯಾಸೊಗೆ ಏನೂ ಕಾಣುವುದಿಲ್ಲ, ನಮ್ಮ ಕೈ ಹೋದ ಕಡೆ ಹೋಗುತ್ತದೆ. ಮೂರರಲ್ಲಿ ಅದೇ ಹಿರಿಯ. 1984ರಲ್ಲಿ ಬಿಲ್ ಅಟ್ಕಿನ್ಸನ್ ಬರೆದ ಮ್ಯಾಕ್‌ಪೇಂಟ್‌ನಲ್ಲೇ ಲ್ಯಾಸೊ ಇತ್ತು. ಕ್ವಿಕ್ ಸೆಲೆಕ್ಷನ್ ಬಂದದ್ದು 2007ರ ಸಿಎಸ್3ರಲ್ಲಿ.

ನಮ್ಮ ತೇರಿನಲ್ಲಿ ಮೂರು ಸ್ಥಿತಿಯೂ ಒಂದೇ ಚಿತ್ರದಲ್ಲಿ ಇತ್ತು. ಮೇಲ್ಭಾಗ ನೀಲಿ ಆಕಾಶದ ಎದುರಿಗೆ: ಅಲ್ಲಿ ಬಣ್ಣವೇ ಗಡಿ. ನಡುಭಾಗದ ಕೆಂಪು ಬಿಳಿ ಬಟ್ಟೆಯ ಹಿಂದೆ ಮಸುಕಾದ ಮನೆಗಳು: ಅಲ್ಲಿ ಅಂಚು ಚೊಕ್ಕ. ಕೆಳಗೆ ಗಡ್ಡೆ, ಗಾಲಿ, ಅವುಗಳ ಸುತ್ತ ಬಿಸಿಲಿಗೆ ಕಂದಿದ ತೋಳು ಬೆನ್ನುಗಳು. ಮರವೂ ಕಂದು, ಮೈಯೂ ಕಂದು.

ಕೆಲಸ ಶುರು ಮಾಡುವ ಮೊದಲು ಒಂದು ಮಾತು. ಹೊಸದಾಗಿ ತೆರೆದ ಫೋಟೊ ಲೇಯರ್ ಪಟ್ಟಿಯಲ್ಲಿ Background ಎಂದು ಬೀಗ ಹಾಕಿಕೊಂಡು ಕೂತಿರುತ್ತದೆ. ಅದರಲ್ಲಿ ಏನಾದರೂ ಆರಿಸಿ Delete ಒತ್ತಿದರೆ ಅಳಿಸುವ ಬದಲು Fill ಎಂಬ ಪೆಟ್ಟಿಗೆ ತೆರೆದು, ಖಾಲಿ ಜಾಗ ತುಂಬಿಕೊಡಲೇ ಎಂದು ಕೇಳುತ್ತದೆ. ಹಾಗಾಗಿ ನಾನು Ctrl+J ಒತ್ತಿ ಒಂದು ಪ್ರತಿ ಮಾಡಿಕೊಂಡು, ಕೆಳಗಿನ ಮೂಲದ ಕಣ್ಣು ಮುಚ್ಚಿಬಿಡುತ್ತೇನೆ. ಅಳಿಸುವುದೆಲ್ಲ ಪ್ರತಿಯಲ್ಲಿ.

ಮೊದಲು ಆಕಾಶ. ಕಳಶದ ಮೇಲಿನ ಬಾವುಟಗಳ ಜಾಲರಿ ಅಂಚು, ತೋರಣದ ದಾರಗಳ ನಡುವಿನ ಸಂದುಗಳು ಇವನ್ನೆಲ್ಲ ಕೈಯಲ್ಲಿ ಸುತ್ತುತ್ತೇನೆ ಅಂದರೆ ಜಾತ್ರೆ ಮುಗಿದಿರುತ್ತದೆ. ಇಲ್ಲಿ ತೇರನ್ನು ಆರಿಸಲು ಹೋಗಬಾರದು, ಆಕಾಶವನ್ನೇ ಹಿಡಿಯಬೇಕು. ತೇರಿಗೆ ಹತ್ತು ಬಣ್ಣ, ಆಕಾಶಕ್ಕೆ ಒಂದೂವರೆ. ಆದರೆ ಕಲರ್ ರೇಂಜ್‌ಗೆ ಇಡೀ ಚಿತ್ರವನ್ನು ಒಪ್ಪಿಸಿದರೆ ಕೆಳಗೆ ನಿಂತವರ ನೀಲಿ ಅಂಗಿಗಳನ್ನೂ ಹಿಡಿದು ತರುತ್ತದೆ. ಅದಕ್ಕೇ ಮೊದಲು ಲ್ಯಾಸೊದಿಂದ ತೇರಿನ ಮೇಲ್ಭಾಗದ ಸುತ್ತ, ಆಕಾಶವನ್ನೂ ಸೇರಿಸಿಕೊಂಡು, ಸಡಿಲವಾಗಿ ಒಂದು ಬೇಲಿ ಹಾಕಿದೆ. ಅದನ್ನು Select ಮೆನುವಿನ Save Selection ಮೂಲಕ "ಬೇಲಿ" ಎಂದೇ ಹೆಸರಿಟ್ಟು ಉಳಿಸಿಕೊಂಡೆ. ಹೀಗೆ ಒಂದು ಆಯ್ಕೆ ಇರುವಾಗಲೇ Color Range ತೆರೆದರೆ ಅದು ಬೇಲಿಯೊಳಗೆ ಮಾತ್ರ ಹುಡುಕುತ್ತದೆ. ಇದೊಂದು ಗೊತ್ತಿದ್ದರೆ ಅರ್ಧ ತಲೆನೋವು ಹೋಗುತ್ತದೆ.

ಅಲ್ಲಿ ಸಿಗುವ ಡ್ರಾಪರ್‌ನಿಂದ ಆಕಾಶದ ಮೇಲೆ ಒಮ್ಮೆ ಒತ್ತಿದರೆ ಪುಟ್ಟ ಕಪ್ಪು ಬಿಳುಪು ಚಿತ್ರ ಮೂಡುತ್ತದೆ. ಬಿಳಿಯಾದದ್ದು ಆಯ್ಕೆಯಾಗಿದೆ, ಕಪ್ಪಾದದ್ದು ಆಗಿಲ್ಲ, ಬೂದು ಅಂದರೆ ಅರೆಬರೆ. ಕೆಳಗಿನ Fuzziness ಎಂಬ ಪಟ್ಟಿ 0ಯಿಂದ 200ರ ತನಕ ಓಡುತ್ತದೆ. ಒತ್ತಿದ ಬಣ್ಣಕ್ಕೆ ಎಷ್ಟು ದೂರದ ನೆಂಟರನ್ನೂ ಸೇರಿಸಬೇಕು ಎಂಬ ಲೆಕ್ಕ ಅದು. ಆಕಾಶ ಮೇಲೆ ಕಡುನೀಲಿ, ಮನೆಗಳ ಮೇಲೆ ಬಂದಾಗ ಹೆಚ್ಚುಕಮ್ಮಿ ಬಿಳಿ. ಒಂದೇ ಕಡೆ ಒತ್ತಿ ಫಝಿನೆಸ್ಸನ್ನು 150ಕ್ಕೆ ಎಳೆಯುವುದು ಸುಲಭ, ಎಲ್ಲರೂ ಮಾಡುವುದೂ ಅದನ್ನೇ. ಆಗ ಬಿಳಿ ಬಾವುಟಗಳೂ ಬೂದಾಗಿ ಆಕಾಶದ ಜೊತೆ ಹೊರಟುಬಿಡುತ್ತವೆ. ನಾನು ಫಝಿನೆಸ್ಸನ್ನು 30ರ ಆಸುಪಾಸಿಗೆ ಇಳಿಸಿ, Shift ಒತ್ತಿಕೊಂಡು ಮೇಲಿಂದ ಕೆಳಕ್ಕೆ ಏಳೆಂಟು ಕಡೆ ಒತ್ತುತ್ತಾ ಬಂದೆ. ಹೆಚ್ಚು ಮಾದರಿ, ಕಡಿಮೆ ಸಡಿಲ. ಬಾವುಟಗಳು ಕಪ್ಪಾಗಿ ಉಳಿದು, ಆಕಾಶ ಪೂರ್ತಿ ಬಿಳಿಯಾದಾಗ OK. ಅದನ್ನೂ "ಆಕಾಶ" ಎಂದು ಉಳಿಸಿದೆ. ಆಮೇಲೆ Load Selection ತೆರೆದು ಮೊದಲು ಬೇಲಿಯನ್ನು ಕರೆದು, ಮತ್ತೊಮ್ಮೆ ತೆರೆದು ಅದರಿಂದ ಆಕಾಶವನ್ನು ಕಳೆಯಲು ಹೇಳಿದರೆ ಉಳಿಯುವುದು ತೇರಿನ ಮೇಲ್ಭಾಗ. ಜಾಲರಿಯ ಒಂದೊಂದು ಎಳೆಯೂ ಬಂದಿತ್ತು.

ಬಂತು ಅಂತ ಹಿಗ್ಗುವ ಮೊದಲು ನೋಡಬೇಕಾದ್ದಿದೆ. ಪರದೆಯ ಮೇಲೆ ಇರುವೆ ಸಾಲಿನಂತೆ ಓಡುವ ಗೆರೆ, ಅರ್ಧಕ್ಕಿಂತ ಹೆಚ್ಚು ಆಯ್ಕೆಯಾದ ಜಾಗದ ಸುತ್ತ ಮಾತ್ರ ಕಾಣುತ್ತದೆ. ಮೂವತ್ತು ಪರ್ಸೆಂಟ್ ಕಳೆದುಹೋದ ಬಾವುಟ ಗೆರೆಯ ಒಳಗೇ ಭದ್ರವಾಗಿರುವಂತೆ ಕಾಣುತ್ತದೆ, ಅಳಿಸಿದ ಮೇಲೆ ಹಳೇ ಪಂಚೆಯ ಹಾಗೆ ಪಾರದರ್ಶಕವಾಗಿರುತ್ತದೆ. Q ಕೀಲಿ ಒತ್ತಿದರೆ ಆಯ್ಕೆಯಾಗದ ಜಾಗಕ್ಕೆಲ್ಲ ಕೆಂಪು ಲೇಪ ಬೀಳುತ್ತದೆ. ಅರೆಬರೆ ಇದ್ದಲ್ಲಿ ತೆಳುಗೆಂಪು. ನಮ್ಮ ತೇರಿನ ಒಂದು ನೀಲಿ ಪತಾಕೆಯ ಮೇಲೆ ಹಾಗೆ ಕೆಂಪು ಬಿದ್ದಿತ್ತು. ಇನ್ನೊಮ್ಮೆ Q ಒತ್ತಿ ವಾಪಸ್ ಬಂದು, ಲ್ಯಾಸೊ ಹಿಡಿದು, Shift ಒತ್ತಿಕೊಂಡು ಆ ತೂತಿನ ಸುತ್ತ ಒಂದು ಸುತ್ತು ಹಾಕಿದೆ. ಸುತ್ತಲಿನ ಬಟ್ಟೆ ಈಗಾಗಲೇ ಆಯ್ಕೆಯಾಗಿರುವುದರಿಂದ ಕೈ ನಡುಗಿದರೂ ಚಿಂತೆಯಿಲ್ಲ. ಬಾಳೆಹಣ್ಣುಗಳದ್ದು ಇದರ ಉಲ್ಟಾ. ಅವು ನೀಲಿಯಲ್ಲ, ಹಾಗಾಗಿ ಕಲರ್ ರೇಂಜ್ ಪಾಲಿಗೆ ಅವೂ ತೇರೇ. Alt ಒತ್ತಿಕೊಂಡು ಒಂದೊಂದರ ಸುತ್ತ ಲ್ಯಾಸೊ ಎಳೆದರೆ ಆಯ್ಕೆಯಿಂದ ಹೊರಗೆ. ಹದಿನಾಲ್ಕು ಹಣ್ಣು ಎಣಿಸಿದೆ.

ನಡುಭಾಗಕ್ಕೆ ಕ್ವಿಕ್ ಸೆಲೆಕ್ಷನ್. ಇದರ ಬಗ್ಗೆ ಹೇಳಲು ಹೆಚ್ಚಿಲ್ಲ. ಇದ್ದ ಆಯ್ಕೆಯನ್ನು ಹಾಗೇ ಇಟ್ಟುಕೊಂಡು, ಕೂಡಿಸುವ ಪ್ಲಸ್ ಗುರುತಿನ ಬ್ರಷ್‌ನಿಂದ ಬಟ್ಟೆಯ ಮೇಲೆ ಬಳಿಯುತ್ತಾ ಹೋದರೆ ಅಂಚಿನವರೆಗೆ ಅದೇ ಹಬ್ಬುತ್ತದೆ. ಬ್ರಷ್ ದೊಡ್ಡದಿದ್ದರೆ ಪಕ್ಕದ ಮನೆಯ ಗೋಡೆಯನ್ನೂ ಮುಟ್ಟಿ, ಅದೂ ನಿಮ್ಮದೇ ಅಂದುಕೊಳ್ಳುತ್ತದೆ. ಎಡ ಬಲ ಚೌಕ ಆವರಣದ ಕೀಲಿಗಳಿಂದ ಬ್ರಷ್ಷನ್ನು ಹಿಗ್ಗಿಸಿ ಕುಗ್ಗಿಸಬಹುದು. ಹೊರಗೆ ಚೆಲ್ಲಿದ್ದನ್ನು Alt ಒತ್ತಿ ಚಿಕ್ಕ ಬ್ರಷ್‌ನಿಂದ ಹಿಂದಕ್ಕೆ ತಳ್ಳಿದೆ. ಎರಡು ನಿಮಿಷದ ಕೆಲಸ.

ಕೆಳಗೆ ಇಳಿದ ತಕ್ಷಣ ಆ ಜಾಣತನ ಮುಗಿಯಿತು. ಗಾಲಿಯ ಮೇಲೆ ಬ್ರಷ್ ಇಟ್ಟರೆ ಅದಕ್ಕೆ ಒರಗಿದವನ ತೋಳೂ ಬಂತು; ತೋಳು ತಳ್ಳಿದರೆ ಗಾಲಿಯ ಅರ್ಧವೂ ಅದರ ಜೊತೆ ಹೋಯಿತು. ಹೀಗೆ ಕೊಟ್ಟು ಕಿತ್ತುಕೊಳ್ಳುವ ಆಟ ಮೂರು ಸಲ ನಡೆದರೆ ಅಲ್ಲಿ ಅಂಚೇ ಇಲ್ಲ ಅಂತ ಅರ್ಥ. ಟೂಲ್ ಬದಲಿಸಬೇಕು. ಹಟ ಹಿಡಿದು ಅದರಲ್ಲೇ ಅರ್ಧ ಗಂಟೆ ಕಳೆಯುವವರನ್ನು ನೋಡಿದ್ದೇನೆ, ನಾನೂ ಕಳೆದಿದ್ದೇನೆ. ಚಿತ್ರವನ್ನು 200 ಪರ್ಸೆಂಟ್‌ಗೆ ಹಿಗ್ಗಿಸಿ ಪಾಲಿಗಾನಲ್ ಲ್ಯಾಸೊ ತೆಗೆದುಕೊಂಡೆ. ಇದು ಕೈ ಎಳೆದಂತೆ ಹರಿಯುವುದಿಲ್ಲ, ಒತ್ತಿದಲ್ಲಿ ಗೂಟ ಹೊಡೆದು ನಡುವೆ ನೇರ ದಾರ ಕಟ್ಟುತ್ತದೆ. ಗೂಟ ತಪ್ಪಿದರೆ Backspace ಒತ್ತಿದಾಗ ಕೊನೆಯದು ಕಿತ್ತುಬರುತ್ತದೆ. ಗಾಲಿ ದುಂಡಗಿರುವುದರಿಂದ ಗೂಟಗಳು ಹತ್ತಿರ ಹತ್ತಿರ ಬೇಕು, ಇಲ್ಲದಿದ್ದರೆ ಗಾಲಿಗೆ ಮೂಲೆ ಬರುತ್ತವೆ. ತೋಳು ಮುಚ್ಚಿದ ಕಡೆ ಗಾಲಿಯ ಅಂಚು ಎಲ್ಲಿರಬೇಕು ಎಂಬುದನ್ನು ನಾನೇ ಊಹಿಸಿ ಗೆರೆ ಎಳೆದೆ. ತೋಳಿನ ತುಣುಕು ಗಾಲಿಯ ಮೇಲೆ ಉಳಿಯಿತು, ಅದನ್ನು ಆಮೇಲೆ ಕ್ಲೋನ್ ಸ್ಟ್ಯಾಂಪ್‌ನಿಂದ ಮರದ ಬಣ್ಣ ತಂದು ಮುಚ್ಚಿದ್ದಾಯಿತು. ಯಾವ ಸೆಲೆಕ್ಷನ್ನೂ ಇಲ್ಲದ ಗಾಲಿಯನ್ನು ತಂದುಕೊಡುವುದಿಲ್ಲ.

ಲ್ಯಾಸೊ ಹಿಡಿದಾಗ ಮೇಲಿನ ಪಟ್ಟಿಯಲ್ಲಿರುವ Feather ಪೆಟ್ಟಿಗೆಯ ಮೇಲೆ ಕಣ್ಣಿರಲಿ. ಅಂಚನ್ನು ಎಷ್ಟು ಪಿಕ್ಸೆಲ್ ಮಸುಕು ಮಾಡಬೇಕೆಂದು ಅಲ್ಲಿ ಬರೆಯುತ್ತೇವೆ, ಬರೆದ ಅಂಕಿ ಮುಂದಿನ ಕೆಲಸಕ್ಕೂ ಅಲ್ಲೇ ಕೂತಿರುತ್ತದೆ. ಒಮ್ಮೆ ಶ್ರದ್ಧಾಂಜಲಿ ಕಾರ್ಡಿಗೆ 20 ಇಟ್ಟದ್ದನ್ನು ಮರೆತು ಮದುವೆಯ ಫ್ಲೆಕ್ಸ್ ಮಾಡಿದ್ದೆ. ವರನ ಸುತ್ತ ಹೊಗೆ ಎದ್ದಂತಿತ್ತು. ಎರಡನೇ ಸಲದ ಪ್ರಿಂಟಿನ ದುಡ್ಡು ನನ್ನ ಜೇಬಿನಿಂದ ಹೋಯಿತು. ತೇರಿನ ಗಾಲಿಗೆ 1 ಸಾಕು.

ಎಲ್ಲ ಸೇರಿ ತೇರು ಒಂದೇ ಆಯ್ಕೆಯಾದ ಮೇಲೆ Shift+Ctrl+I. ಒಳಗಿದ್ದದ್ದು ಹೊರಗೆ, ಹೊರಗಿದ್ದದ್ದು ಒಳಗೆ. ಆಮೇಲೆ Delete. ಇಡೀ ಜಾತ್ರೆ ಮಾಯವಾಗಿ ತೇರೊಂದೇ ನಿಂತಿತು.

ಪರದೆಯ ಬೂದು ಬಿಳಿ ಚೌಕಗಳ ಮೇಲೆ ಎಲ್ಲವೂ ಚೆಂದವೇ. ಅದನ್ನು ನಂಬದೆ ಕೆಳಗೆ ಒಂದು ಹೊಸ ಲೇಯರ್ ಮಾಡಿ, ಪತ್ರಿಕೆಯ ಹಳದಿಯನ್ನೇ ತುಂಬಿದೆ. ಬಾವುಟಗಳ ಅಂಚಿನಲ್ಲಿ ಸಣ್ಣ ನೀಲಿ ದಾರ ಎದ್ದು ಕಂಡಿತು. ಅಂಚಿನ ಪಿಕ್ಸೆಲ್‌ಗಳಲ್ಲಿ ಬಟ್ಟೆ, ಆಕಾಶ ಎರಡರ ಬಣ್ಣವೂ ಕಲೆತಿರುತ್ತದೆ, ಯಾವ ಟೂಲ್ ಹಿಡಿದರೂ ಅದು ಬಿಡದು. Layer ಮೆನುವಿನ Matting ಒಳಗಿರುವ Defringe ಅಂಚಿನ ಕಲಬೆರಕೆ ಬಣ್ಣವನ್ನು ಒಳಗಿನ ಬಣ್ಣದಿಂದ ಬದಲಿಸುತ್ತದೆ. 1 ಪಿಕ್ಸೆಲ್ ಕೊಟ್ಟೆ, ನೀಲಿ ಹೋಯಿತು.

ಇಷ್ಟು ಸಲೀಸಾಗಿದ್ದಕ್ಕೆ ಒಂದು ಕಾರಣವಿದೆ. ಅವರು ಮೊದಲು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊವನ್ನು ನಾನು ಮುಟ್ಟಲಿಲ್ಲ. ಹಾಗೆ ಕುಗ್ಗಿಸಿದ ಜೆಪೆಗ್‌ಗಳಲ್ಲಿ ಬೆಳಕಿನ ವಿವರಕ್ಕಿಂತ ಬಣ್ಣದ ವಿವರವನ್ನು ಹೆಚ್ಚು ಕತ್ತರಿಸಿರುತ್ತಾರೆ. ನಮ್ಮ ಕಣ್ಣಿಗೆ ವ್ಯತ್ಯಾಸ ತಿಳಿಯದು, ಬಣ್ಣವನ್ನೇ ನಂಬಿದ ಕಲರ್ ರೇಂಜ್‌ಗೆ ತಿಳಿಯುತ್ತದೆ: ಅಂಚೆಲ್ಲ ಮೆಟ್ಟಿಲು ಮೆಟ್ಟಿಲು, ಆಕಾಶದ ತುಂಬ ಗಸಗಸೆ ಚೆಲ್ಲಿದಂತೆ ಚುಕ್ಕೆ. ಫೋಟೊ ತೆಗೆದ ಹುಡುಗನಿಂದ ಮೂಲ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ತರಿಸಿದ್ದೆ.

ಸಂಜೆ ಸಮಿತಿಯವರು ಬಂದು ಪರದೆ ನೋಡಿದರು. ತಲೆಯಾಡಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ಸರಿ ಸಾರ್, ಬಾಳೆಹಣ್ಣು ಇದ್ದಿದ್ರೆ ಚೆನ್ನಾಗಿರ್ತಿತ್ತು" ಅಂದರು. ಕೆಳಗೆ ಮುಚ್ಚಿಟ್ಟಿದ್ದ ಮೂಲ ಲೇಯರ್‌ನ ಕಣ್ಣು ತೆರೆದು, ಲ್ಯಾಸೊ ಹಿಡಿದು, ಕಳಶದ ಹತ್ತಿರದ ಎರಡು ಹಣ್ಣುಗಳ ಸುತ್ತ ಗೆರೆ ಎಳೆಯತೊಡಗಿದೆ.