ಮೂಗಿನಿಂದ ರಕ್ತ ಸೋರುವ ಮಗುವಿಗೆ ಶಾಲೆಯಲ್ಲಿ ವಿಶ್ರಾಂತಿ: ಪಾಲಕರ ಪತ್ರದಲ್ಲಿ ಏನಿರಬೇಕು?

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯವರೆಗೆ ಹಬ್ಬಿರುವ ಬಯಲುಸೀಮೆಯಲ್ಲಿ ಫೆಬ್ರುವರಿ ಮುಗಿಯುತ್ತಿದ್ದಂತೆ ಬಿಸಿಲು ಬಲಿತು, ಗಾಳಿಯ ತೇವ ತಗ್ಗಿ, ಜೋಳ-ಕಡಲೆಯ ರಾಶಿಯ ಧೂಳು ಕಪ್ಪತಗುಡ್ಡದ ಕಡೆಯ ಗಾಳಿಯೊಂದಿಗೆ ಊರೊಳಗೂ ಬರುವುದರಿಂದ, ಮಕ್ಕಳ ಮೂಗಿನ ಒಳಪದರ ಒಣಗಿ ಬಿರುಕು ಬಿಡುವ ಸಂಭವ ಹೆಚ್ಚುತ್ತದೆ. ‘ಉಷ್ಣ ಆಗೇತಿ’ ಎಂದು ಮನೆಯವರು ಹೇಳುವ ಈ ತೊಂದರೆ ವಾರ್ಷಿಕ ಪರೀಕ್ಷೆ ಹತ್ತಿರವಾದ ಹೊತ್ತಿಗೇ ಮರುಕಳಿಸುವುದರಿಂದ, ಪಾಲಕರು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಬೇಕಾದ ಸಂದರ್ಭ ಒದಗುತ್ತದೆ. ಆದರೆ ‘ಅನಾರೋಗ್ಯದ ನಿಮಿತ್ತ ರಜೆ ಮಂಜೂರು ಮಾಡಬೇಕಾಗಿ ವಿನಂತಿ’ ಎಂಬ ಒಂದು ಸಾಲಿನ ರೂಢಿಯ ಅರ್ಜಿ ಈ ಕಾಯಿಲೆಯ ಮಟ್ಟಿಗೆ ಬಹುತೇಕ ನಿರುಪಯೋಗಿ. ಏಕೆಂದರೆ ಇಂತಹ ಮಗುವಿಗೆ ಬೇಕಾಗಿರುವುದು ಹಲವು ದಿನಗಳ ರಜೆಯಲ್ಲ, ಶಾಲೆಗೆ ಬರುತ್ತಲೇ ಕೆಲವು ನಿರ್ದಿಷ್ಟ ಚಟುವಟಿಕೆಗಳಿಂದ ದೂರವಿರುವ ಅವಕಾಶ ಮತ್ತು ರಕ್ತ ಬಂದ ಕ್ಷಣದಲ್ಲಿ ಏನು ಮಾಡಬೇಕೆಂದು ತಿಳಿದಿರುವ ಒಬ್ಬ ಶಿಕ್ಷಕರು.

ವಿಶ್ರಾಂತಿಯನ್ನು ಏಕೆ ಹೀಗೆ ಬಿಡಿಸಿ ಹೇಳಬೇಕೆಂಬುದು ಮೂಗಿನ ರಚನೆಯಿಂದ ತಿಳಿಯುತ್ತದೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ, ಅಂದರೆ ಬೆರಳಿನ ತುದಿ ಸುಲಭವಾಗಿ ತಲುಪುವ ಜಾಗದಲ್ಲಿ, ಹಲವು ಸಣ್ಣ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡು ತೆಳುವಾದ ಪದರದ ಕೆಳಗೆ ಬಲೆಯಂತೆ ಹರಡಿಕೊಂಡಿವೆ. ವೈದ್ಯರು ಇದನ್ನು ‘ಲಿಟ್ಲ್ ಪ್ರದೇಶ’ ಎಂದು ಕರೆಯುತ್ತಾರೆ. ಮಕ್ಕಳಲ್ಲಿ ಬಹುಪಾಲು ರಕ್ತಸ್ರಾವ ಆರಂಭವಾಗುವುದು ಇಲ್ಲಿಂದಲೇ. ಒಮ್ಮೆ ರಕ್ತ ಬಂದು ನಿಂತ ಮೇಲೆ ಆ ಜಾಗದಲ್ಲಿ ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ಒಣಗಿದಾಗ ತುರಿಸುತ್ತದೆ, ಮಗು ಅರಿವಿಲ್ಲದೆ ಬೆರಳು ಹಾಕಿದಾಗ ಅದು ಕಿತ್ತುಬಂದು ಮತ್ತೆ ರಕ್ತ ಸೋರುತ್ತದೆ. ಮರುಕಳಿಕೆಗೆ ಸಾಮಾನ್ಯವಾಗಿ ಈ ಚಕ್ರವೇ ಕಾರಣವಾಗಿರುವುದರಿಂದ, ಗಾಯ ಪೂರ್ಣವಾಗಿ ಮಾಯುವವರೆಗೆ ಮೂಗಿಗೆ ಪೆಟ್ಟು ಬೀಳದಂತೆಯೂ, ಮುಖಕ್ಕೆ ರಕ್ತ ಏರುವಷ್ಟು ಶ್ರಮವಾಗದಂತೆಯೂ ನೋಡಿಕೊಳ್ಳುವುದೇ ವಿಶ್ರಾಂತಿಯ ನಿಜವಾದ ಉದ್ದೇಶ.

ಉದಾಹರಣೆಯಾಗಿ, ಮುಂಡರಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಐದನೇ ತರಗತಿ ಓದುವ ಬಾಲಕನೊಬ್ಬನ ಪರವಾಗಿ ಬರೆಯಬಹುದಾದ ಪತ್ರವನ್ನು ಕಲ್ಪಿಸಿಕೊಂಡು ಪರಿಶೀಲಿಸಬಹುದು. ಅದರ ಮೊದಲ ಭಾಗ ಭಾವನೆಯನ್ನಲ್ಲ, ವಿವರವನ್ನು ಹೇಳಬೇಕು: ಮೂರು ವಾರಗಳಲ್ಲಿ ನಾಲ್ಕು ಸಲ ಬಲಗಡೆಯ ಹೊಳ್ಳೆಯಿಂದ ರಕ್ತ ಬಂದಿದೆ, ಪ್ರತಿ ಸಲವೂ ಹತ್ತು ನಿಮಿಷ ಒತ್ತಿ ಹಿಡಿದಾಗ ನಿಂತಿದೆ, ಎರಡು ಸಲ ಆಟದ ಅವಧಿಯಲ್ಲೂ ಒಂದು ಸಲ ಬಿಸಿಲಿನಲ್ಲಿ ಪ್ರಾರ್ಥನೆಗೆ ನಿಂತಾಗಲೂ ಹೀಗಾಗಿದೆ, ಪೆಟ್ಟು ಬಿದ್ದಿಲ್ಲ, ಜ್ವರವಿಲ್ಲ. ಕಿವಿ-ಮೂಗು-ಗಂಟಲು ವೈದ್ಯರು ಪರೀಕ್ಷಿಸಿ, ಮೂಗಿನ ಮುಂಭಾಗದಲ್ಲಿ ಹಕ್ಕಳೆಗಟ್ಟಿದ ಗಾಯವಿರುವುದನ್ನು ಕಂಡು, ದಿನಕ್ಕೆ ಎರಡು ಸಲ ಹಚ್ಚಲು ಮುಲಾಮು ಕೊಟ್ಟಿದ್ದಾರೆ ಎಂಬ ಮಾತಿನ ಜೊತೆಗೆ ಅವರ ಚೀಟಿಯ ಪ್ರತಿಯನ್ನು ಲಗತ್ತಿಸಬೇಕು. ಚೀಟಿಯಲ್ಲಿ ‘ಎಪಿಸ್ಟ್ಯಾಕ್ಸಿಸ್’ ಎಂದು ಬರೆದಿದ್ದರೆ ಅದು ಮೂಗಿನ ರಕ್ತಸ್ರಾವಕ್ಕೆ ವೈದ್ಯಕೀಯ ಹೆಸರಷ್ಟೇ ಎಂದು ಪತ್ರದಲ್ಲೇ ತಿಳಿಸುವುದು ಲೇಸು; ಅಪರಿಚಿತ ಪದವನ್ನು ಕಂಡ ಶಾಲೆಯವರು ದೊಡ್ಡ ರೋಗವೆಂದು ಹೆದರಿ ಮಗುವನ್ನು ಮನೆಗೆ ಕಳಿಸುವುದೂ ಉಂಟು.

ಎರಡನೆಯ ಭಾಗ ಕೋರಿಕೆಗಳದು, ಮತ್ತು ಇಲ್ಲಿ ಅವಧಿಯನ್ನು ಕಾಣಿಸದಿದ್ದರೆ ಪತ್ರ ಸೋಲುತ್ತದೆ. ರಕ್ತ ಬಂದ ದಿನ ಮತ್ತು ಮರುದಿನ ಓಟ, ಭಾರ ಎತ್ತುವುದು, ತಲೆ ಬಗ್ಗಿಸಿ ಮಾಡುವ ಕೆಲಸಗಳು ಬೇಡ. ಮುಂದಿನ ಒಂದು ವಾರ, ಅಥವಾ ವೈದ್ಯರು ಹೇಳಿದಷ್ಟು ದಿನ, ಕಬಡ್ಡಿ, ಖೊಖೊದಂತಹ ಮೈತಾಕುವ ಆಟಗಳಿಂದ ಬಿಡುವು ಕೊಡಬೇಕು. ಬೆಳಗಿನ ಪ್ರಾರ್ಥನೆಯಲ್ಲಿ ನೆರಳಿನಲ್ಲಿ ನಿಲ್ಲಲು ಅವಕಾಶವಿರಬೇಕು. ಕುಡಿಯುವ ನೀರಿನ ಬಾಟಲಿ ಮೇಜಿನ ಮೇಲಿರಬೇಕು. ಪಾಠ, ಬರವಣಿಗೆ, ಪರೀಕ್ಷೆ ಯಾವುದಕ್ಕೂ ಅಡ್ಡಿಯಿಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆಯುವುದು ಅಷ್ಟೇ ಮುಖ್ಯ. ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿಗಳಿಗೆ ಶೇ 75 ಹಾಜರಾತಿ ಕಡ್ಡಾಯವಾಗಿರುವುದರಿಂದ, ಆ ತರಗತಿಯ ಮಕ್ಕಳ ಪಾಲಕರಂತೂ ಅನಗತ್ಯ ರಜೆ ಕೇಳುವ ಬದಲು ಹೀಗೆ ಶಾಲೆಯೊಳಗಿನ ಬಿಡುವನ್ನೇ ಕೇಳುವುದು ವಿವೇಕ.

ಮೂರನೆಯ ಭಾಗಕ್ಕೆ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದಲೇ ಹೆಚ್ಚು ತಪ್ಪುಗಳು ನಡೆಯುವುದು ಇಲ್ಲಿ. ರಕ್ತ ಕಂಡ ಕೂಡಲೇ ಮಗುವನ್ನು ಅಂಗಾತ ಮಲಗಿಸುವುದು, ತಲೆಯನ್ನು ಹಿಂದಕ್ಕೆ ಬಾಗಿಸುವುದು, ನೆತ್ತಿಗೆ ನೀರು ಸುರಿಯುವುದು, ಉಳ್ಳಾಗಡ್ಡಿ ಮೂಸಿಸುವುದು ಈ ಭಾಗದಲ್ಲಿ ಬಳಕೆಯಲ್ಲಿವೆ. ತಲೆ ಹಿಂದಕ್ಕೆ ಬಾಗಿದಾಗ ರಕ್ತ ನಿಲ್ಲುವುದಿಲ್ಲ. ಅದು ಹೊರಗೆ ಕಾಣದೆ ಗಂಟಲಿಗೆ ಇಳಿದು, ಹೊಟ್ಟೆ ಸೇರಿ ವಾಂತಿ ಬರಿಸುತ್ತದೆ, ಎಷ್ಟು ರಕ್ತ ಹೋಯಿತೆಂಬ ಅಂದಾಜೂ ತಪ್ಪುತ್ತದೆ. ಆದ್ದರಿಂದ ಪತ್ರದಲ್ಲಿ ಹೀಗೆ ಬರೆಯಬಹುದು: ‘ದಯವಿಟ್ಟು ಮಗುವನ್ನು ಕೂರಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೂಳೆಯ ಕೆಳಗಿನ ಮೆತ್ತನೆಯ ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಗಡಿಯಾರ ನೋಡಿ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು, ಬಾಯಿಯಿಂದ ಉಸಿರಾಡಲು ಹೇಳಿ, ಬಾಯಿಗೆ ಬಂದ ರಕ್ತವನ್ನು ಉಗುಳಲು ಬಿಡಬೇಕು.’ ನಿಂತಿತೇ ಎಂದು ನಡುನಡುವೆ ಕೈತೆಗೆದು ನೋಡುವುದೇ ರಕ್ತ ನಿಲ್ಲದಿರಲು ದೊಡ್ಡ ಕಾರಣ, ಏಕೆಂದರೆ ಪ್ರತಿ ಸಲವೂ ಆಗತಾನೇ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತುಹೋಗುತ್ತದೆ. ಮೂಳೆಯ ಭಾಗವನ್ನು ಒತ್ತಿದರೆ ಪ್ರಯೋಜನವಿಲ್ಲವೆಂಬುದನ್ನೂ ಸೇರಿಸಬೇಕು. ಹತ್ತು ನಿಮಿಷದಲ್ಲಿ ನಿಲ್ಲದಿದ್ದರೆ ಇನ್ನೊಮ್ಮೆ ಹತ್ತು ನಿಮಿಷ ಒತ್ತಬೇಕು. ಆಗಲೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಸಾಮಾನ್ಯ ತೊಂದರೆಯನ್ನು ಗಂಭೀರ ತೊಂದರೆಯಿಂದ ಬೇರ್ಪಡಿಸುವ ಲಕ್ಷಣಗಳನ್ನು ಪಾಲಕರು ಪತ್ರ ಬರೆಯುವ ಮೊದಲೇ ತಮ್ಮ ಮಗುವಿನಲ್ಲಿ ನೋಡಿಕೊಳ್ಳಬೇಕು. ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆಗಳು ಮೂಡುವುದು, ಒಸಡಿನಿಂದಲೂ ರಕ್ತ ಬರುವುದು, ಕುಟುಂಬದಲ್ಲಿ ರಕ್ತ ಬೇಗ ಹೆಪ್ಪುಗಟ್ಟದ ತೊಂದರೆ ಇರುವುದು ಇವು ರಕ್ತಪರೀಕ್ಷೆಯ ಅಗತ್ಯವನ್ನು ಸೂಚಿಸುತ್ತವೆ. ಜ್ವರದೊಂದಿಗೆ ರಕ್ತ ಬಂದರೆ ಡೆಂಗಿಯ ಸಾಧ್ಯತೆಯನ್ನು ಅಂದೇ ಪರೀಕ್ಷಿಸಬೇಕು. ಚಿಕ್ಕ ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು-ರಕ್ತ ಬರುತ್ತಿದ್ದರೆ ಒಳಗೆ ಕಡಲೆಕಾಳು, ಮಣಿಯಂತಹ ವಸ್ತು ಸಿಕ್ಕಿಕೊಂಡಿರಬಹುದು. ಹರೆಯಕ್ಕೆ ಕಾಲಿಡುತ್ತಿರುವ ಹುಡುಗನಿಗೆ ಮೂಗು ಕಟ್ಟಿಕೊಂಡೇ ಇದ್ದು ಪದೇಪದೇ ಧಾರಾಳವಾಗಿ ರಕ್ತ ಬರುತ್ತಿದ್ದರೆ ಮೂಗಿನ ಹಿಂಭಾಗದಲ್ಲಿ ಗಡ್ಡೆ ಇದೆಯೇ ಎಂದು ತಜ್ಞರು ನೋಡಬೇಕಾಗುತ್ತದೆ. ಇಂತಹ ಮಕ್ಕಳ ವಿಷಯದಲ್ಲಿ ಪತ್ರಕ್ಕಿಂತ ಮೊದಲು ತಪಾಸಣೆ ಆಗಬೇಕು, ಮತ್ತು ವಿಶ್ರಾಂತಿಯ ಅವಧಿಯನ್ನು ವೈದ್ಯರೇ ನಿರ್ಧರಿಸಬೇಕು. ಮಕ್ಕಳಿಗೆ ಆಸ್ಪಿರಿನ್ ಮಾತ್ರೆಯನ್ನು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಕೊಡಬಾರದು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ.

ಪತ್ರ ಮುಖ್ಯೋಪಾಧ್ಯಾಯರ ಮೇಜಿನಲ್ಲೇ ಉಳಿದರೆ ಮೈದಾನದಲ್ಲಿರುವ ಮಗುವಿಗೆ ಅದರಿಂದ ಉಪಯೋಗವಾಗದು. ಆದ್ದರಿಂದ ಒಂದು ಪ್ರತಿ ತರಗತಿ ಶಿಕ್ಷಕರಿಗೂ, ಇನ್ನೊಂದು ದೈಹಿಕ ಶಿಕ್ಷಕರಿಗೂ ತಲುಪಬೇಕೆಂದು ಅದರಲ್ಲೇ ವಿನಂತಿಸಿ, ಕೊನೆಗೆ ಹಗಲು ಹೊತ್ತಿನಲ್ಲಿ ಖಂಡಿತ ಸಿಗುವ ಎರಡು ದೂರವಾಣಿ ಸಂಖ್ಯೆಗಳನ್ನು ಬರೆಯಬೇಕು. ಪಾಲಕರು ಹೊಲಕ್ಕೋ ಮಗ್ಗದ ಕೆಲಸಕ್ಕೋ ಹೋಗಿರುವ ಮನೆಗಳಲ್ಲಿ ಎರಡನೆಯದು ನೆರೆಯವರದ್ದಾದರೂ ಸರಿ. ಗಾಯ ಮಾಯಿತೆಂದು ವೈದ್ಯರು ಹೇಳಿದ ದಿನ, ಆಟಕ್ಕೆ ಮರಳಿ ಸೇರಿಸಿಕೊಳ್ಳಬಹುದೆಂದು ಎರಡು ಸಾಲಿನ ಇನ್ನೊಂದು ಪತ್ರವನ್ನು ಪಾಲಕರು ಮರೆಯದೆ ಕೊಡಬೇಕು. ಇಲ್ಲದಿದ್ದರೆ ಒಂದು ವಾರಕ್ಕೆಂದು ಕೇಳಿದ ಬಿಡುವು ವರ್ಷವಿಡೀ ಮುಂದುವರಿದು, ಆರೋಗ್ಯವಂತ ಮಗು ಮೈದಾನದ ಅಂಚಿನಲ್ಲೇ ಕುಳಿತಿರಬೇಕಾಗುತ್ತದೆ.